ನಿನ್ನಿ ಅನ್ನ ಬಿಸಿ ಮಾಡಿ ತಿಂದ್ರ ಶುಗರ್ ಕಮ್ಮಿ ಏರ್ತದೇನು? ಪರ–ವಿರೋಧ

ಪರ (ತಮ್ಮ, ಹುಬ್ಬಳ್ಳಿ)

ನಮ್ಮ ಮನ್ಯಾಗ ರಾತ್ರಿ ಅನ್ನ ಉಳದ್ರ ಬೆಳಿಗ್ಗೆ ಒಗ್ಗರಣಿ ಅನ್ನ, ಇದೇನ ಹೊಸಾದಲ್ಲ. ಎರಡ ವರ್ಷದ ಹಿಂದ ನಂಗ ಶುಗರ್ ಅಂತ ಗೊತ್ತಾದ ಮ್ಯಾಲೆ ಮಾತ್ರ ಬೇಕಂತನ ಹೆಚ್ಚಿಗಿ ಅನ್ನ ಮಾಡಿ, ಆರಿಸಿ, ಫ್ರಿಜ್ಜಿನಾಗ ಇಟ್ಟು, ಮರುದಿನ ಬಿಸಿ ಮಾಡಿ ತಿಂತೀನಿ. ಅಕ್ಕ ನಗತಾಳ, ನಗಲಿ.

ಫ್ರಿಜ್ಜಿಂದ ತಗದ ಅನ್ನಾನ ಒಮ್ಮೆ ಕೈಯಾಗ ಹಿಡದ ನೋಡ್ರಿ, ಕಾಳ ಕಾಳ ಬಿಡಿಬಿಡಿ ಆಗಿ ಗಟ್ಟಿ ಆಗಿರ್ತದ, ಒಣಗಿದ್ದಕ್ಕ ಹಂಗ ಆಗೇದ ಅಂತ ಎಲ್ಲಾರೂ ತಿಳಕೊಂಡಾರ, ಆದ್ರ ಒಳಗ ಬ್ಯಾರೆನ ನಡದಿರ್ತದ. ಅಕ್ಕಿ ಸ್ಟಾರ್ಚಿನಾಗ ಎರಡ ಥರ ಅದ, ಉದ್ದ ದಾರದಂಗ ಇರೋ ಅಮೈಲೋಸ್, ಟೊಂಗಿ ಟೊಂಗಿ ಒಡದ ಅಮೈಲೋಪೆಕ್ಟಿನ್. ಕುದಸಿದಾಗ ಎರಡೂ ನೀರ ಕುಡದು ಸಡಿಲ ಆಗ್ತಾವ, ಹೊಟ್ಟಿ ಒಳಗಿನ ಕಿಣ್ವ ಸರಳ ಕತ್ತರಿಸಿ ಸಕ್ಕರಿ ಮಾಡ್ತದ. ತಣ್ಣಗಾದಾಗ ದಾರಗಳು ಒಂದಕ್ಕೊಂದು ಒತ್ತಿ ಗಟ್ಟಿಯಾಗಿ ಹೆಣಕೊಂತಾವ, ಅಲ್ಲಿ ಕಿಣ್ವಕ್ಕ ಜಾಗ ಸಿಗಂಗಿಲ್ಲ. ಇದ ರೆಸಿಸ್ಟಂಟ್ ಸ್ಟಾರ್ಚ್. ಮತ್ತ ಬಿಸಿ ಮಾಡಿದ್ರ ಅಮೈಲೋಪೆಕ್ಟಿನ್ನಿಂದು ಬಿಚ್ಚಿಕೊಂತದ, ಅದಕ್ಕ ಅನ್ನ ಮತ್ತ ಮೆತ್ತಗ ಆಗ್ತದ. ಅಮೈಲೋಸಿಂದು ಮಾತ್ರ ಕುದಿಯೋ ನೀರಿನ ಬಿಸಿಗೂ ಬಿಚ್ಚಂಗಿಲ್ಲ.

ಇಂಡೋನೇಷ್ಯಾದಾಗ 2015ರಾಗ ಬಂದ ಅಧ್ಯಯನ ಅದ. ಬಿಸಿ ಅನ್ನದ 100 ಗ್ರಾಮಿಗೆ ರೆಸಿಸ್ಟಂಟ್ ಸ್ಟಾರ್ಚ್ 0.64 ಗ್ರಾಮ್, 4 ಡಿಗ್ರಿಯಾಗ 24 ತಾಸು ಇಟ್ಟು ಬಿಸಿ ಮಾಡಿದ್ದಕ್ಕ 1.65. ತಿಂದ 15 ಜನರ ರಕ್ತದಾಗ ಸಕ್ಕರಿ ಏರಿದ್ದರ ಒಟ್ಟು ಲೆಕ್ಕ ಸುಮಾರು 18% ಕಮ್ಮಿ. ನನ್ನ ಮೀಟರಿನಾಗೂ ಎರಡ ತಾಸಿಗೆ ಬಿಸಿ ಅನ್ನಕ್ಕ 182, ಇಟ್ಟ ಅನ್ನಕ್ಕ 168. ಅನ್ನ ಬಿಡು ಅಂದ್ರ ನಾ ಬಿಡಾಂವಲ್ಲ, ಮತ್ತ ಇದಕ್ಕ ಖರ್ಚೂ ಇಲ್ಲ.

ವಿರೋಧ (ಅಕ್ಕ, ಗದಗ)

ತಮ್ಮಾ, ನಿನ್ನ ಕೆಮಿಸ್ಟ್ರಿ ಖರೆ ಅದ, ಲೆಕ್ಕ ಮಾತ್ರ ಅರ್ಧಕ್ಕ ನಿಲ್ಲಿಸೀದಿ.

ನಿನ್ನ ತಾಟಿನಾಗ 200 ಗ್ರಾಮ್ ಅನ್ನ ಅಂತ ಇಟ್ಟುಕೊ, ಕಾರ್ಬೋಹೈಡ್ರೇಟ್ ಸುಮಾರು 56 ಗ್ರಾಮ್. ನೀ ಹೇಳಿದ ಅಂಕಿಯಿಂದನ, 100 ಗ್ರಾಮಿಗೆ ಒಂದ ಗ್ರಾಮ್ ಹೆಚ್ಚಾತು, ಅಂದ್ರ 200ಕ್ಕ ಎರಡ ಗ್ರಾಮ್. 56 ಹೋಗಿ 54 ಆತು. ಅರ್ಧ ಚಮಚ ಸಕ್ಕರಿ ಅಷ್ಟ! ಅದರ ಬದಲಿ ಒಂದ ಸಣ್ಣ ಸೌಟು, 50 ಗ್ರಾಮ್ ಅನ್ನ ಕಮ್ಮಿ ಬಡಿಸಿಕೊಂಡ್ರ 14 ಗ್ರಾಮ್ ಹೋಗ್ತದ, ಫ್ರಿಜ್ಜಿಗಿಂತ ಏಳ ಪಟ್ಟು.

18% ಅಂದ್ಯಲ್ಲ, ಆ ಎರಡ ಗ್ರಾಮಿಗಿಂತ ದೊಡ್ಡದ ಅದ, ಉಳಿದ ಸ್ಟಾರ್ಚೂ ನಿಧಾನ ಕರಗಿರಬಹುದು, ಒಪ್ತೀನಿ. ಆದ್ರ ಆ 15 ಮಂದಿ ಶುಗರ್ ಇಲ್ಲದಾರು. ಇನ್ನ ನಿನ್ನ 182, 168? ಮೀಟರಿಗೆ 15% ಹೆಚ್ಚು ಕಮ್ಮಿ ತೋರಸಾಕ ನಿಯಮದಾಗನ ಅವಕಾಶ ಅದ, 180ಕ್ಕ ಅದು 27 ಆತು, ನಿನ್ನ 14 ಅದರೊಳಗನ ಮುಳಗಿ ಹೋಗ್ತದ. ಒಂದೊಂದ ಸಲ ನೋಡಿದ್ದು ಏನೂ ಹೇಳಂಗಿಲ್ಲ.

ಬಟಾಟಿ ನೋಡು. ಅಮೆರಿಕಾದವರು ಅಳದ ಲೆಕ್ಕದಾಗ ಬಿಸಿ ಬಟಾಟಿ 100 ಗ್ರಾಮಿಗೆ ರೆಸಿಸ್ಟಂಟ್ ಸ್ಟಾರ್ಚ್ 3.1 ಗ್ರಾಮ್, ತಣ್ಣಂದು 4.3, ಮತ್ತ ಬಿಸಿ ಮಾಡಿದ್ದು 3.5. ಗಳಿಸಿದ್ದರಾಗ ಮೂರರಾಗ ಎರಡ ಪಾಲು ಬಿಸಿ ಮಾಡಿದಾಗ ಹೋತು. ತಣ್ಣನ ಬಟಾಟಿ ಪಲ್ಯಾ ಯಾರ ತಿಂತಾರ ನಮ್ಮನ್ಯಾಗ, ನೀನ ಹೇಳು.

ನನಗ ಅದಕ್ಕಿಂತ ಅಂಜಿಕಿ ಇರೋದು ಬ್ಯಾರೆ. ನೀ ಫ್ರಿಜ್ ಅಂತಿ, ಆದ್ರ ಇದನ್ನ ಕೇಳಿದ ಮಂದಿ ರಾತ್ರಿ ಪಾತ್ರಿ ಕಟ್ಟಿ ಮ್ಯಾಲ ಹಂಗ ಬಿಡ್ತಾರ. ನಮ್ಮ ಗದಗಿನ ಏಪ್ರಿಲ್ ಸೆಕಿಯಾಗ! ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕ ಅಕ್ಕಿ ಕುದಸಿದ್ರೂ ಸಾಯಂಗಿಲ್ಲ, ಬೆಚ್ಚಗಿದ್ರ ಬೆಳದು ವಾಂತಿ ತರೋ ವಿಷ ಬಿಡ್ತದ, ಆ ವಿಷ ಮತ್ತ ಬಿಸಿ ಮಾಡಿದ್ರೂ ಹೋಗಂಗಿಲ್ಲ, ವಾಸನಿನೂ ಬರಂಗಿಲ್ಲ, ಹಳಸಿದ್ದು ಮೂಗಿಗೆ ಗೊತ್ತಾಗ್ತದ ಅಂತ ನಂಬಿ ಕುಂತ್ರ ಮುಗೀತು. ಇಡೋದಿದ್ರ ಬೆಂದ ಕೂಡ್ಲೇ ಪರಾತದಾಗ ತೆಳ್ಳಗ ಹರಡಿ, ತಾಸಿನೊಳಗ ಫ್ರಿಜ್ಜಿಗೆ ಹಾಕಬೇಕು. ಕರೆಂಟ್ ಬಹಳ ಹೊತ್ತು ಹೋಗಿದ್ರ ಆ ಅನ್ನ ತಿನ್ನಬ್ಯಾಡ.

ಇನ್ನೊಂದ, ಇನ್ಸುಲಿನ್ ತಗೊಳ್ಳಾವ್ರು ಡೋಸ್ ಮೊದಲಿನಷ್ಟ ಇಟ್ಟು ಇಂಥಾ ಅನ್ನ ತಿಂದಾಗ ಸಕ್ಕರಿ ತೀರಾ ಇಳದದ್ದೂ ಅದ. ನಿನ್ನ ಗುಳಿಗಿ ಬ್ಯಾರೆ, ನಮ್ಮ ಕಾಕಾಗ ಮಾತ್ರ ಇದನ್ನ ಡಾಕ್ಟರನ್ನ ಕೇಳದ ಹೇಳಬ್ಯಾಡ. ನೀ ತಿನ್ನು, ಸೌಟು ಒಂದ ಕಮ್ಮಿ ಮಾಡಿ ತಿನ್ನು.