ದೋಷಗಳು: ನಿಲ್

ಸರ್ಜಾಪುರ ರಸ್ತೆಯಲ್ಲಾಗಲಿ ದೇವನಹಳ್ಳಿ ಕಡೆಯಲ್ಲಾಗಲಿ ಕತ್ತೆತ್ತಿದರೆ ಕಾಣುವ ಟವರ್ ಕ್ರೇನ್‌ಗಳಷ್ಟು ಆರೋಗ್ಯವಂತ ಜೀವಿಗಳು ಈ ರಾಜ್ಯದಲ್ಲಿ ಬೇರೆ ಇರಲಾರವು. ಎರಡು ಪಾಳಿ ದುಡಿಯುತ್ತವೆ, ಮಳೆಯಲ್ಲಿ ನೆನೆಯುತ್ತವೆ, ಸಿಮೆಂಟ್ ಧೂಳು ಕುಡಿಯುತ್ತವೆ, ಒಂದು ಸೈಟ್ ಮುಗಿದರೆ ಬಿಡಿಬಿಡಿಯಾಗಿ ಟ್ರೇಲರ್ ಹತ್ತಿ ಇನ್ನೊಂದು ಸೈಟ್‌ನಲ್ಲಿ ಮತ್ತೆ ಎದ್ದು ನಿಲ್ಲುತ್ತವೆ. ಆದರೂ ತಪಾಸಣೆಯಾದ ಮೇಲೆ ಸರ್ಟಿಫಿಕೇಟ್‌ನಲ್ಲಿ ಬರುವುದು ಒಂದೇ ಸಾಲು: ‘ಡಿಫೆಕ್ಟ್ಸ್ ನೋಟಿಸ್ಡ್: ನಿಲ್’. ಕ್ರೇನ್ ನಡೆಸುವವನಿಗೆ ಶುಗರ್ ಇದೆ, ಸೇಫ್ಟಿ ಆಫೀಸರ್‌ಗೆ ಬಿಪಿ ಇದೆ, ಪ್ರಾಜೆಕ್ಟ್ ಮ್ಯಾನೇಜರ್‌ಗೆ ಎರಡೂ ಇವೆ. ಕ್ರೇನ್‌ಗೆ ಮಾತ್ರ ಏನೂ ಇಲ್ಲ.

ಇದರಲ್ಲಿ ಕಾನೂನಿನ ತಪ್ಪು ಕಡಿಮೆ. 2025ರವರೆಗೆ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ ಕೆಳಗೆ 1998ರಲ್ಲಿ ಬಂದ ಕೇಂದ್ರ ನಿಯಮಗಳು ಭಾರ ಎತ್ತುವ ಯಂತ್ರವನ್ನು ಮೊದಲ ಸಲ ಬಳಸುವ ಮುನ್ನ, ದೊಡ್ಡ ರಿಪೇರಿ ಆದಮೇಲೆ, ಐದು ವರ್ಷಕ್ಕೊಮ್ಮೆಯಾದರೂ ಭಾರ ಹೊರಿಸಿ ಪರೀಕ್ಷಿಸಬೇಕು ಎನ್ನುತ್ತವೆ. ಜೊತೆಗೆ ಹನ್ನೆರಡು ತಿಂಗಳಿಗೊಮ್ಮೆ ಕೂಲಂಕಷ ತಪಾಸಣೆ. ಕೂಲಂಕಷ ಎಂದರೇನು ಎಂಬುದನ್ನೂ ಬಿಡಿಸಿ ಹೇಳಿವೆ: ಕಣ್ಣಿಂದ ನೋಡಬೇಕು, ಬೇಕಿದ್ದರೆ ಸುತ್ತಿಗೆಯಿಂದ ತಟ್ಟಿ ನೋಡಬೇಕು, ಅಗತ್ಯ ಬಿದ್ದರೆ ಭಾಗಗಳನ್ನು ಬಿಚ್ಚಿಯೂ ನೋಡಬೇಕು. ಇಷ್ಟೆಲ್ಲ ಬರೆದ ಪುಣ್ಯಾತ್ಮರು ನಡುವೆ ಒಂದು ಸಣ್ಣ ಕಿಂಡಿ ಇಟ್ಟುಬಿಟ್ಟರು. ತಪಾಸಣೆ ‘ಪರಿಸ್ಥಿತಿ ಅವಕಾಶ ಕೊಟ್ಟಷ್ಟು ಎಚ್ಚರಿಕೆಯಿಂದ’ ನಡೆಯಬೇಕಂತೆ.

ಈಗ ಪರಿಸ್ಥಿತಿಯನ್ನು ನೋಡೋಣ. ಸಮಯ ಬೆಳಗ್ಗೆ ಹನ್ನೊಂದೂವರೆ, ಏಪ್ರಿಲ್ ಬಿಸಿಲು. ಜಿಬ್ ಎಂಬ ಉದ್ದನೆಯ ಅಡ್ಡ ತೋಳು ಇರುವುದು ಅರವತ್ತು ಮೀಟರ್ ಮೇಲೆ, ಹತ್ತಲು ಇರುವುದು ಮಾಸ್ಟ್ ಎಂಬ ನೆಟ್ಟನೆಯ ಕಂಬದ ಒಳಗಿನ ಕಬ್ಬಿಣದ ಏಣಿ. ತಪಾಸಣೆ ಮಾಡಲು ಮಾನ್ಯತೆ ಪಡೆದ ಕಾಂಪಿಟೆಂಟ್ ಪರ್ಸನ್ ಸಾಹೇಬರಿಗೆ ಮಂಡಿ ನೋವು. ಮಧ್ಯಾಹ್ನ ಹೊಸಕೋಟೆಯಲ್ಲಿ ಇನ್ನೆರಡು ಕ್ರೇನ್ ಕಾಯುತ್ತಿವೆ. ಇಂಥ ಪರಿಸ್ಥಿತಿ ಎಷ್ಟು ಅವಕಾಶ ಕೊಡುತ್ತದೋ ಅಷ್ಟು ತಪಾಸಣೆ ನಡೆಯುತ್ತದೆ. ಎಂದರೆ ಕ್ರೇನ್ ಬುಡದಲ್ಲಿ ಎರಡು ಬೋಲ್ಟ್, ಆಮೇಲೆ ಸೈಟ್ ಆಫೀಸಿನಲ್ಲಿ ಕಾಫಿ. ಕೆಳಗಿನಿಂದ ನೋಡಿದರೆ ಮೇಲಿರುವುದೆಲ್ಲ ನೇರವಾಗಿಯೇ ಕಾಣುತ್ತದೆ. ಚಂದ್ರನ ಮೇಲೂ ಡಿಫೆಕ್ಟ್ಸ್ ನಿಲ್.

ಇನ್ನು ಸರ್ಟಿಫಿಕೇಟಿನ ಒಳಗೆ ಹೋಗೋಣ. ಮೊದಲು ಕಾಣುವುದು ‘ಸೇಫ್ ವರ್ಕಿಂಗ್ ಲೋಡ್: 6 ಟನ್’. ನಮ್ಮ ಕಡೆ ಬಹಳ ಓಡುವ ಒಂದು ವರ್ಗದ ಕ್ರೇನ್‌ಗೆ 5013 ಎಂದು ಹೆಸರು. ಆ ಹೆಸರಿನಲ್ಲೇ ಅದರ ಜಾತಕವಿದೆ: ಜಿಬ್ ಉದ್ದ 50 ಮೀಟರ್, ತುದಿಯಲ್ಲಿ ಎತ್ತಬಹುದಾದದ್ದು 1.3 ಟನ್. ಆರು ಟನ್ ಎನ್ನುವುದು ಕೊಕ್ಕೆ ಹೊತ್ತು ಜಿಬ್ ಉದ್ದಕ್ಕೂ ಓಡಾಡುವ ಟ್ರಾಲಿ ಮಾಸ್ಟ್ ಹತ್ತಿರ, ಹದಿಮೂರು ಮೀಟರ್ ಆಸುಪಾಸಿನ ಒಳಗೆ ಇರುವಾಗ ಮಾತ್ರ. ಆಚೆ ಸರಿದ ಹಾಗೆ ಅಂಕಿ ಇಳಿಯುತ್ತ ಹೋಗುತ್ತದೆ. ಹಾಗಾಗಿ ಯಾವ ದೂರದಲ್ಲಿ ಎಂದು ಹೇಳದ ‘6 ಟನ್’ ಅರ್ಧ ಸತ್ಯವೂ ಅಲ್ಲ. ತುದಿಗೆ ಅನ್ವಯಿಸಿದರೆ ಸುಮಾರು ನಾಲ್ಕೂವರೆ ಪಾಲು ಸುಳ್ಳು. ನಮೂನೆಯಲ್ಲಿ ವ್ಯಾಸಾರ್ಧಕ್ಕೆಂದೇ, ಅಂದರೆ ಈ ದೂರಕ್ಕೆಂದೇ, ಒಂದು ಕಾಲಂ ಇರುತ್ತದೆ. ಅದರಲ್ಲಿ ಏನು ಬರೆದಿರುತ್ತಾರೆ ಗೊತ್ತೆ? ‘ಎನ್.ಎ.’ ಅನ್ವಯಿಸುವುದಿಲ್ಲ! ಟವರ್ ಕ್ರೇನ್‌ಗೆ ವ್ಯಾಸಾರ್ಧ ಅನ್ವಯಿಸುವುದಿಲ್ಲ ಎಂದರೆ ಬಸ್ಸಿಗೆ ರೂಟ್ ಅನ್ವಯಿಸುವುದಿಲ್ಲ ಎಂದ ಹಾಗೆ.

ಲೋಡ್ ಟೆಸ್ಟ್ ಇದಕ್ಕಿಂತ ರಸವತ್ತು. ಇಪ್ಪತ್ತು ಟನ್ ಒಳಗಿನ ಯಂತ್ರಕ್ಕೆ ಸುರಕ್ಷಿತ ಭಾರದ ಮೇಲೆ ಇನ್ನೂ ಕಾಲು ಪಾಲು ಹೊರಿಸಬೇಕೆಂದು ನಿಯಮ. ಅಂದರೆ ತುದಿಯಲ್ಲಿ 1.3ರ ಬದಲು 1.625 ಟನ್. ಸೈಟ್‌ನಲ್ಲಿ ತೂಕದ ಕಲ್ಲು ಇರುವುದಿಲ್ಲ, ಕಂಬಿ ಬಂಡಲ್ ಇರುತ್ತದೆ. ತಪ್ಪಿಲ್ಲ, ಕಂಬಿಯ ತೂಕ ಯಾವ ಸೈಟ್ ಎಂಜಿನಿಯರ್‌ಗೂ ಬಾಯಿಪಾಠ: ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಇಷ್ಟು ಕಿಲೋ. ಹನ್ನೆರಡು ಎಂಎಂ ಕಂಬಿ, ಹನ್ನೆರಡು ಮೀಟರ್ ಉದ್ದ, ಒಂದಕ್ಕೆ ಹತ್ತೂಮುಕ್ಕಾಲು ಕಿಲೋಗೆ ಹತ್ತಿರ. ನೂರೈವತ್ತೆರಡು ಕಂಬಿ ಎಣಿಸಿ ಕಟ್ಟಿದರೆ ಲೆಕ್ಕ ಸರಿ. ಎಣಿಸುವವರು ಯಾರು?

‘ಎಷ್ಟಿದೆಯಪ್ಪಾ ಅದು?’

‘ಒಂದೂವರೆ ಟನ್ ಇರ್ಬೋದು ಸಾರ್.’

‘ಒಂದೂವರೆನಾ, ಮೇಲಾ?’

‘ಮೇಲೇ ಅಂತ ಹಾಕ್ಕೊಳ್ಳಿ ಸಾರ್.’

ಹೀಗೆ ಕಾಗದದ ಮೇಲೆ ಮೂರು ದಶಮಾಂಶ ಸ್ಥಾನದವರೆಗೆ 1.625 ಟನ್ ಎಂದು ಬೀಳುತ್ತದೆ.

ಬಂಡಲ್ ನಿಜಕ್ಕೂ ಅಷ್ಟು ತೂಕದ್ದಾಗಿದ್ದರೆ ಕ್ರೇನ್ ಅದನ್ನು ಎತ್ತುವುದೇ ಇಲ್ಲ. ಎತ್ತಬಾರದು ಕೂಡ. ಓವರ್‌ಲೋಡ್ ತಡೆಯಲೆಂದೇ ಮೊಮೆಂಟ್ ಲಿಮಿಟರ್ ಎಂಬುದಿದೆ. ಭಾರಕ್ಕೆ ಉಕ್ಕು ಕೂದಲೆಳೆಯಷ್ಟು ಬಾಗುತ್ತದೆ, ಬಾಗಿದಾಗ ಒಂದು ತಿರುಪಿನ ತುದಿ ಪುಟ್ಟ ಸ್ವಿಚ್ ಒತ್ತುತ್ತದೆ, ಭಾರ ಎತ್ತುವ ಹಾಯಿಸ್ಟ್ ನಿಲ್ಲುತ್ತದೆ. ಆದ್ದರಿಂದ ಹೆಚ್ಚಿನ ಭಾರದ ಪರೀಕ್ಷೆಗೆ ಆ ತಿರುಪನ್ನು ಹಿಂದೆ ಸರಿಸಬೇಕು. ಪರೀಕ್ಷೆ ಮುಗಿದ ಮೇಲೆ ಮತ್ತೆ ಸರಿಯಾದ ಜಾಗಕ್ಕೆ ತಂದು, ಗೊತ್ತಿರುವ ಭಾರ ಎತ್ತಿ, ಸ್ವಿಚ್ ಬೀಳುತ್ತದೆಯೇ ಎಂದು ನೋಡಬೇಕು. ಈ ಎರಡನೆಯ ಅಧ್ಯಾಯ ಬಹಳ ಕಡೆ ನಡೆಯುವುದೇ ಇಲ್ಲ. ಮೇಲೆ ಹತ್ತಿದ ಎಲೆಕ್ಟ್ರಿಷಿಯನ್ ಇಳಿದು ಊಟಕ್ಕೆ ಹೋಗಿರುತ್ತಾನೆ. ಕ್ರೇನ್ ಸುರಕ್ಷಿತ ಎಂದು ಸಾಬೀತುಪಡಿಸಲು ಕ್ರೇನಿನ ಸುರಕ್ಷತೆಯನ್ನೇ ಬಿಚ್ಚಿಟ್ಟು ಬಂದಿರುತ್ತೇವೆ. ಸರ್ಟಿಫಿಕೇಟ್ ಇದನ್ನು ಒಂದೇ ಮಾತಿನಲ್ಲಿ ಮುಗಿಸುತ್ತದೆ: ‘ಸೇಫ್ಟಿ ಡಿವೈಸಸ್: ಫಿಟೆಡ್’. ಇದೆ ಎಂದಷ್ಟೇ ಹೇಳಿದೆ. ಕೆಲಸ ಮಾಡುತ್ತದೆ ಎಂದು ಯಾರಾದರೂ ಹೇಳಿದ್ದಾರೆಯೇ?

ಆದರೆ ನನ್ನ ಅಚ್ಚುಮೆಚ್ಚಿನ ಕಾಲಂ ಹಗ್ಗದ್ದು. ‘ವೈರ್ ರೋಪ್ ಡಯಾ: 16 ಎಂಎಂ. ಕಂಡೀಷನ್: ಸ್ಯಾಟಿಸ್‌ಫ್ಯಾಕ್ಟರಿ.’ ಈ ಹದಿನಾರು ಎಲ್ಲಿಂದ ಬಂತು? ಕೈಪಿಡಿಯಿಂದ ಬಂತು, ವರ್ನಿಯರ್‌ನಿಂದಲ್ಲ. ಬೇಕಿದ್ದರೆ ಒಂದು ಕ್ರೇನ್ ಕಲ್ಪಿಸಿಕೊಳ್ಳಿ. ಅದರ ಹಗ್ಗ ಹೊಸದಾಗಿ ಬಂದಾಗ ಹದಿನಾರಕ್ಕಿಂತ ತುಸು ದಪ್ಪವೇ ಇರುತ್ತದೆ, ಹಗ್ಗ ಮಾಡುವವರು ಹಾಗೆಯೇ ಮಾಡುತ್ತಾರೆ. ಏರಿಸಿ, ಸ್ವಲ್ಪ ದಿನ ಓಡಿಸಿ, ಎಳೆಗಳು ಕೂತ ಮೇಲೆ ಅಳೆದಾಗ 16.4 ಬಂತು ಎನ್ನಿ. ಇದು ಆ ಹಗ್ಗದ ಮೂಲ ಅಳತೆ. ವರ್ಷದ ಮೇಲೆ ಅದೇ ಹಗ್ಗ ಹೆಚ್ಚು ಸವೆಯುವ ಜಾಗದಲ್ಲಿ, ಒಂದಕ್ಕೊಂದು ಅಡ್ಡಲಾಗಿ ಎರಡು ಸಲ ಅಳೆದು ಸರಾಸರಿ ತೆಗೆದರೆ 15.5.

ಇಳಿದದ್ದು 0.9 ಎಂಎಂ. ಅದನ್ನು ಹದಿನಾರರಿಂದ ಭಾಗಿಸಿದರೆ ಶೇ. 5.6. ಟವರ್ ಕ್ರೇನ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ, ಭಾರ ಹೊತ್ತಾಗ ತಿರುಚಿಕೊಳ್ಳದ ಬಗೆಯ ಹಗ್ಗ ಹೀಗೆ ಉದ್ದಕ್ಕೂ ಶೇ. 5ರಷ್ಟು ತೆಳುವಾದರೆ ಕಿತ್ತು ಬಿಸಾಡಿ ಎನ್ನುತ್ತದೆ ಐಎಸ್‌ಒ 4309 ಎಂಬ ಅಂತರರಾಷ್ಟ್ರೀಯ ಮಾನದಂಡ. ಅಂದರೆ ಈ ಹಗ್ಗದ ಕತೆ ಮುಗಿದಿದೆ. ಈಗ ಮೂಲ ಅಳತೆಯನ್ನು ಯಾರೂ ಬರೆದಿಟ್ಟಿಲ್ಲ ಎಂದುಕೊಳ್ಳಿ, ಬರೆದಿಟ್ಟಿರುವುದೂ ಇಲ್ಲ. ಆಗ ಹದಿನಾರರಿಂದ 15.5 ಕಳೆಯುತ್ತಾರೆ: 0.5, ಶೇ. 3.1. ಹಗ್ಗ ಪಾಸ್! ಒಂದೇ ಹಗ್ಗ, ಒಂದೇ ವರ್ನಿಯರ್, ಒಂದೇ ದಿನ. ಒಂದು ಕಾಲಂ ಖಾಲಿ ಬಿಟ್ಟದ್ದಕ್ಕೆ ಹಗ್ಗಕ್ಕೆ ಮರುಜನ್ಮ. ಎಣ್ಣೆ ಹಚ್ಚಿ ಎಷ್ಟು ಉಜ್ಜಿದರೂ ಇಷ್ಟು ಲಾಭ ಬರುತ್ತಿರಲಿಲ್ಲ.

ಭಾರವನ್ನು ಕೊಕ್ಕೆಗೆ ಕಟ್ಟುವ ಸ್ಲಿಂಗ್, ಶ್ಯಾಕಲ್‌ಗಳ ತಪಾಸಣೆಯನ್ನಂತೂ ಪೇಂಟರ್‌ಗೇ ವಹಿಸಿದ್ದೇವೆ. ಮೂರು ತಿಂಗಳಿಗೊಂದು ಬಣ್ಣ. ನೋಡಿದ ಮೇಲೆ ಬಣ್ಣ ಬಳಿಯುವುದು ಪದ್ಧತಿ. ಈಗ ಬಣ್ಣ ಬಳಿದಿದೆ, ಆದ್ದರಿಂದ ನೋಡಿದ್ದಾಗಿದೆ. ಮುರಿದ ಎಳೆಗಳೂ ಹಸಿರು ಬಣ್ಣದಲ್ಲಿ ಚೆಂದ ಕಾಣುತ್ತವೆ.

ದೋಷ ಕಂಡರೂ ಬರೆಯುವುದು ಎಲ್ಲಿ ಎಂಬುದು ಮುಂದಿನ ಪ್ರಶ್ನೆ. ಆಪರೇಟರ್‌ಗೆ ದಿನಾ ಒಂದು ಚೆಕ್‌ಲಿಸ್ಟ್ ಕೊಡುತ್ತಾರೆ. ಮೂವತ್ತು ಚೌಕ, ಮೂವತ್ತು ಟಿಕ್. ಹುಡುಗ ಜಾರ್ಖಂಡ್‌ನವನು, ಚೆಕ್‌ಲಿಸ್ಟ್ ಇಂಗ್ಲಿಷ್‌ನದು, ತುಂಬುವವನು ಸೈಟ್ ಆಫೀಸಿನ ಟೈಮ್‌ಕೀಪರ್. ಅವನು ತಿಂಗಳ ಮೊದಲ ದಿನವೇ ಇಡೀ ತಿಂಗಳಿಗೆ ಟಿಕ್ ಹಾಕಿಟ್ಟಿರುತ್ತಾನೆ, ಮೂವತ್ತೊಂದನೇ ತಾರೀಖಿಗೂ ಸೇರಿಸಿ. ಹಾಯಿಸ್ಟ್ ಬ್ರೇಕ್ ಜಾರುತ್ತಿದೆ ಎಂಬುದು ಆಪರೇಟರ್‌ಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಭಾರವನ್ನು ನೆಲದಿಂದ ಒಂದಡಿ ಎತ್ತಿ ಲಿವರ್ ಬಿಟ್ಟರೆ ಅದು ನಿಂತಲ್ಲಿ ನಿಲ್ಲದೆ ಮೆಲ್ಲಗೆ ಇಳಿಯುತ್ತದೆ. ಅದನ್ನು ಅವನು ಫೋರ್‌ಮನ್‌ಗೆ ಹೇಳುತ್ತಾನೆ. ಫೋರ್‌ಮನ್ ಪ್ಲಾಂಟ್ ಮ್ಯಾನೇಜರ್‌ಗೆ ಹೇಳುತ್ತಾನೆ.

‘ಬಾಯಲ್ಲಿ ಹೇಳಿದ್ನಾ, ಬರೆದುಕೊಟ್ನಾ?’

‘ಬಾಯಲ್ಲೇ ಸಾರ್.’

‘ಸದ್ಯ!’

ಬರೆದರೆ ಅದಕ್ಕೊಂದು ನಂಬರ್ ಬೀಳುತ್ತದೆ. ನಂಬರ್ ಬಿದ್ದದ್ದು ‘ಓಪನ್ ಪಾಯಿಂಟ್’ ಆಗುತ್ತದೆ. ಓಪನ್ ಪಾಯಿಂಟ್ ಹೆಡ್ ಆಫೀಸಿನ ಪರದೆಯ ಮೇಲೆ ಕೆಂಪಗೆ ಮಿನುಗುತ್ತದೆ. ಒಂದೂ ಕೆಂಪು ಇಲ್ಲದ ಸೈಟ್‌ಗೆ ಸುರಕ್ಷತಾ ಸಪ್ತಾಹದಲ್ಲಿ ಶೀಲ್ಡ್. ಬ್ರೇಕ್ ಜಾರಿದರೆ ಪರವಾಗಿಲ್ಲ, ಶೀಲ್ಡ್ ಜಾರಬಾರದು.

ಬ್ರಿಟನ್ನಿನವರು 1998ರಲ್ಲೇ ಈ ವಿಷಯದಲ್ಲಿ ತೀರ ಮರ್ಯಾದೆಗೆಟ್ಟ ನಿಯಮ ಮಾಡಿಕೊಂಡರು, ಲೋಲರ್ ಅಂತ ಕರೆಯುತ್ತಾರೆ. ಅಲ್ಲಿಯ ವರದಿಯಲ್ಲಿ ಅಪಾಯ ತರುವ ದೋಷ ಯಾವ ಭಾಗದಲ್ಲಿದೆ, ಏನು ದೋಷ, ಏನು ರಿಪೇರಿ ಬೇಕು ಎಂದು ಬರೆಯಬೇಕು. ಈಗಲ್ಲ, ಮುಂದೆ ಅಪಾಯ ತರಬಹುದಾದ ದೋಷವಾದರೆ ಯಾವಾಗಿನೊಳಗೆ ಎಂಬುದನ್ನೂ ನಮೂದಿಸಬೇಕು. ಗಂಭೀರ ಗಾಯದ ಅಪಾಯ ಎದುರಿಗೇ ಇದ್ದರೆ ವರದಿಯ ಪ್ರತಿಯನ್ನು ತಪಾಸಣೆ ಮಾಡಿದವನೇ ನೇರ ಸರ್ಕಾರಿ ಪ್ರಾಧಿಕಾರಕ್ಕೆ ಕಳಿಸಬೇಕು. ಫೀಸು ಕೊಟ್ಟ ಕಂಟ್ರಾಕ್ಟರ್ ಮೇಲೆಯೇ ಚಾಡಿ! ನಮ್ಮಲ್ಲಿ ಹಾಗೆ ಮಾಡಿದವರಿಗೆ ಹೊಸಕೋಟೆಯ ಆ ಎರಡು ಕ್ರೇನ್ ಸಿಗುವುದಿಲ್ಲ.

ಹಾಗಂತ ನಮ್ಮಲ್ಲಿ ಸುಧಾರಣೆಯೇ ಇಲ್ಲ ಎನ್ನಬೇಡಿ. ಯಾರೋ ತಲೆಕೆಟ್ಟ ಸೇಫ್ಟಿ ಆಫೀಸರ್ ಒಬ್ಬ ಹಗ್ಗ ಅಳೆದು ಮೂಲ ಅಳತೆ ಕೇಳಿ ಗಲಾಟೆ ಮಾಡಿದ್ದರಿಂದ ಕಂಪನಿ ತನ್ನ ಫಾರ್ಮ್ಯಾಟ್ ಅನ್ನು ಪರಿಷ್ಕರಿಸಿತು ಎಂದು ಭಾವಿಸಿ. ರಿವಿಷನ್ ನಾಲ್ಕರಲ್ಲಿ ಹಗ್ಗದ ವ್ಯಾಸದ ಕಾಲಂ ಇಲ್ಲ, ಅನಗತ್ಯ ಗೊಂದಲಕ್ಕೆ ಕಾರಣವಾಗುತ್ತಿತ್ತಂತೆ. ಅದರ ಬದಲು ಸಾಹೇಬರು ಹೆಲ್ಮೆಟ್ ಹಾಕಿ ಕ್ರೇನ್ ಜೊತೆ ನಿಂತ ಜಿಯೋಟ್ಯಾಗ್ ಫೋಟೋ ಕಡ್ಡಾಯ. ಫೋಟೋದ ಕೆಳಗೆ ಅಕ್ಷಾಂಶ, ರೇಖಾಂಶ, ತಾರೀಖು, ಗಂಟೆ ಎಲ್ಲ ಇರುತ್ತವೆ. ಅಕ್ಷಾಂಶ ರೇಖಾಂಶ ಬುಡದಲ್ಲೂ ಅವೇ, ಅರವತ್ತು ಮೀಟರ್ ಮೇಲೂ ಅವೇ. ಎತ್ತರ ನಮೂದಿಸಲು ಕಾಲಂ ಇಲ್ಲ, ಕೇಳಿದರೆ ಎನ್.ಎ.