ಗ್ರಹಣ ನೋಡುವಾಗ ಸೂರ್ಯನಿಗೆ ಬೆನ್ನು ಹಾಕಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹಳೇ ಹೆಂಚಿನ ಮನೆಗಳಲ್ಲಿ ಮಧ್ಯಾಹ್ನದ ಹೊತ್ತು ನೆಲ ನೋಡಿ. ಹೆಂಚಿನ ಸಂದು ಸೊಟ್ಟಗೆ, ಮುರುಕಾಗಿ ಹೇಗೇ ಇರಲಿ, ನೆಲದ ಮೇಲೆ ಬೀಳುವ ಬಿಸಿಲಿನ ಬಿಲ್ಲೆ ಮಾತ್ರ ದುಂಡಗೇ ಇರುತ್ತದೆ. ಅದು ಸೂರ್ಯನದೇ ಚಿತ್ರ. ಗ್ರಹಣ ಹಿಡಿದಾಗ ಆ ಬಿಲ್ಲೆಗಳೆಲ್ಲ ಕುಡುಗೋಲಿನ ಹಾಗೆ ಬಾಗುತ್ತವೆ. ಹೊಂಗೆ ಮರದ ನೆರಳಲ್ಲೂ ಇದೇ ಕಾಣುತ್ತದೆ. ಇದನ್ನು ಎಷ್ಟು ಹೊತ್ತು ನೋಡಿದರೂ ಕಣ್ಣಿಗೆ ಏನೂ ಆಗುವುದಿಲ್ಲ. ಅದೇ ಸೂರ್ಯನನ್ನು ತಲೆ ಎತ್ತಿ ಬರಿಗಣ್ಣಲ್ಲಿ ನೋಡಿದರೆ ಯಾಕೆ ಕಣ್ಣು ಕೆಡುತ್ತದೆ?

ಗ್ರಹಣದ ದಿನ ಸೂರ್ಯನಿಂದ ವಿಶೇಷ ವಿಷಕಿರಣವೇನೂ ಬರುವುದಿಲ್ಲ. ಕೆಡುಕೆಲ್ಲ ಇರುವುದು ಕಣ್ಣಿನ ಮಸೂರ ಬೆಳಕನ್ನು ಒಟ್ಟುಗೂಡಿಸುವುದರಲ್ಲಿ. ಒಳ್ಳೆಯ ಬಿಸಿಲಲ್ಲಿ ಪಾಪೆ ಕುಗ್ಗಿ ಸುಮಾರು 2 ಮಿಲಿಮೀಟರ್ ಅಗಲಕ್ಕೆ ಬರುತ್ತದೆ. ಅಷ್ಟರಿಂದ ಒಳಬಂದ ಬೆಳಕನ್ನು ಮಸೂರವು ಅಕ್ಷಿಪಟದ ಮೇಲೆ ಬರೀ 0.16 ಮಿಲಿಮೀಟರ್ ಅಗಲದ ಚುಕ್ಕೆಯಾಗಿ ಕೂಡಿಸುತ್ತದೆ. ಲೆಕ್ಕ ಹಾಕಿದರೆ ಬಿಸಿಲು ಅಲ್ಲಿ ಸುಮಾರು 150 ಪಟ್ಟು ದಟ್ಟವಾಗುತ್ತದೆ. ನಾವು ದಿಟ್ಟಿಸಿ ನೋಡುವಾಗ ಆ ಚುಕ್ಕೆ ಬೀಳುವುದು ಅಕ್ಷಿಪಟದ ನಟ್ಟನಡುವೆ, ಅಕ್ಷರ ಓದುವುದಕ್ಕೆ, ಮುಖ ಗುರುತಿಸುವುದಕ್ಕೆ ಬೇಕಾದ ಜಾಗದಲ್ಲಿ.

ಅಲ್ಲಿ ಆಗುವುದು ಬೆಂಕಿ ಸುಟ್ಟ ಹಾಗೆ ಅಲ್ಲ. ಹೆಚ್ಚಿನ ಪಾಲು ಅದು ರಾಸಾಯನಿಕ ಹಾನಿ. ಬೆಳಕಿನ, ಅದರಲ್ಲೂ ನೀಲಿ ಭಾಗದ, ಹೊಡೆತಕ್ಕೆ ಬೆಳಕು ಹಿಡಿಯುವ ಜೀವಕೋಶಗಳೂ ಅವುಗಳ ಕೆಳಗಿನ ಕಪ್ಪು ಪದರವೂ ಹಾಳಾಗುತ್ತವೆ. ಅಕ್ಷಿಪಟಕ್ಕೆ ನೋವು ತಿಳಿಸುವ ನರಗಳಿಲ್ಲ, ಹಾಗಾಗಿ ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ. “ಒಂದೊಂದು ಸಲ ಇಣುಕಿ ನೋಡಿದೆ ಅಷ್ಟೇ” ಎನ್ನುವುದೂ ನಡೆಯುವುದಿಲ್ಲ, ಹತ್ತಿರ ಹತ್ತಿರ ಇಣುಕಿದ ಹಾನಿ ಒಟ್ಟಾಗಿ ಕೂಡಿಕೊಳ್ಳುತ್ತದೆ.

ಜನ ಮೋಸ ಹೋಗುವುದು ಇನ್ನೊಂದು ಕಡೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ನಮ್ಮ ಕಡೆ ಸೂರ್ಯ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಭಾಗ ಮುಚ್ಚಿತ್ತು. ಬಿಸಿಲು ಮಂಕಾದಾಗ ಸೂರ್ಯನೂ ತಣ್ಣಗಾದ ಅನ್ನಿಸುತ್ತದೆ. ಆದರೆ ಉಳಿದ ಆ ತೆಳು ಕುಡುಗೋಲಿನ ಒಂದೊಂದು ಚುಕ್ಕೆಯೂ ಮೊದಲಿನಷ್ಟೇ ಪ್ರಖರ. ಅಕ್ಷಿಪಟದ ಮೇಲೆ ಗಾಯದ ಆಕಾರ ಸಣ್ಣದಾಗುತ್ತದೆ, ಏಟು ಕಮ್ಮಿಯಾಗುವುದಿಲ್ಲ. ಮೇಲಾಗಿ ಮಬ್ಬಿಗೆ ಪಾಪೆ ಹಿಗ್ಗುತ್ತದೆ, ಕಣ್ಣು ತಾನಾಗಿ ಮುಚ್ಚಿಕೊಳ್ಳುವುದನ್ನೂ ಬಿಡುತ್ತದೆ.

ಈಗ ಹೆಂಚಿನ ಸಂದಿನ ಕೆಲಸವನ್ನೇ ಮಾಡುವ ಸೂಜಿರಂಧ್ರದ ಡಬ್ಬಕ್ಕೆ ಬನ್ನಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ನಾಲ್ಕು ಅಡಿ ಟ್ಯೂಬ್‌ಲೈಟಿನ ಖಾಲಿ ರಟ್ಟಿನ ಡಬ್ಬ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ತುದಿಯನ್ನು ತಿಂಡಿ ಕಟ್ಟುವ ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ, ನಡುವೆ ಸೂಜಿಯಿಂದ 1 ಮಿಲಿಮೀಟರಿನ ಒಂದೇ ತೂತು ಮಾಡಿ. ಇನ್ನೊಂದು ತುದಿಗೆ ಒಳಗಡೆಯಿಂದ ಬಿಳಿ ಕಾಗದ ಅಂಟಿಸಿ, ಅದರ ಪಕ್ಕದ ಗೋಡೆಯಲ್ಲಿ ಇಣುಕಲು ಎರಡು ಬೆರಳಗಲದ ಕಿಂಡಿ ಕೊಯ್ಯಿರಿ. ಸೂರ್ಯನಿಗೆ ಬೆನ್ನು ಮಾಡಿ ನಿಂತು, ತೂತಿನ ತುದಿಯನ್ನು ಹೆಗಲ ಮೇಲಿಂದ ಸೂರ್ಯನ ಕಡೆ ತಿರುಗಿಸಿ. ಗುರಿ ಹಿಡಿಯಲು ಸೂರ್ಯನನ್ನು ನೋಡಬೇಕಿಲ್ಲ. ನೆಲದ ಮೇಲೆ ಡಬ್ಬದ ನೆರಳು ಅತಿ ಚಿಕ್ಕದಾಗುವ ತನಕ ಆಡಿಸಿದರೆ ಸಾಕು, ಬೆಳಕು ನೇರವಾಗಿ ಒಳಗೆ ಬೀಳುತ್ತದೆ.

ಕಾಗದದ ಮೇಲೆ ಬೀಳುವ ಸೂರ್ಯನ ಚಿತ್ರದ ಅಗಲ, ತೂತಿನಿಂದ ಕಾಗದಕ್ಕಿರುವ ದೂರದ ಸುಮಾರು 109ನೇ ಒಂದು ಭಾಗ. 120 ಸೆಂಟಿಮೀಟರಿಗೆ 11 ಮಿಲಿಮೀಟರ್, ಒಂದು ಬಟಾಣಿಗಿಂತ ತುಸು ದೊಡ್ಡದು. 1 ಮಿಲಿಮೀಟರ್ ತೂತಿನಿಂದ ಬಂದ ಬೆಳಕು 11 ಮಿಲಿಮೀಟರಿಗೆ ಹರಡಿದಾಗ ಸುಮಾರು 120 ಪಟ್ಟು ತೆಳುವಾಗುತ್ತದೆ. ಕಣ್ಣು 150 ಪಟ್ಟು ದಟ್ಟ ಮಾಡಿದ್ದಕ್ಕೆ ಇದು ಪೂರ್ತಿ ಉಲ್ಟಾ. ನಿಮ್ಮ ಕಣ್ಣಿಗೆ ಬರುವುದು ಕಾಗದ ಎಲ್ಲ ಕಡೆ ಚೆಲ್ಲಿದ ಬೆಳಕು, ಕಿಟಕಿ ಪಕ್ಕ ಕೂತು ಪುಸ್ತಕ ಓದಿದಷ್ಟೇ. ತೂತು 5 ಮಿಲಿಮೀಟರ್ ಮಾಡಿದರೆ ಚಿತ್ರದ ಅಂಚು ಕಲಸಿಹೋಗಿ ಗ್ರಹಣದ ಕಚ್ಚು ಸ್ಪಷ್ಟವಾಗಿ ಕಾಣುವುದಿಲ್ಲ. ಅಂದಹಾಗೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ, ಗಾಬರಿ ಬೇಡ.

ಎಲ್ಲಕ್ಕಿಂತ ಕೆಟ್ಟ ತಪ್ಪು ಎಂದರೆ ತೂತಿಗೆ ಕಣ್ಣಿಟ್ಟು ಸೂರ್ಯನನ್ನೇ ನೋಡುವುದು. ಮಕ್ಕಳು ಇದನ್ನು ಮಾಡಿಯೇ ಮಾಡುತ್ತಾರೆ, ಪಕ್ಕದಲ್ಲೇ ಇರಿ. 2 ಮಿಲಿಮೀಟರ್ ಪಾಪೆಯ ಮುಂದೆ 1 ಮಿಲಿಮೀಟರ್ ತೂತು ಹಿಡಿದರೆ ಬೆಳಕು ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ ಅಷ್ಟೇ.

ತಟ್ಟೆಯಲ್ಲಿ ಸಗಣಿ ನೀರು ಹಾಕಿ ಪ್ರತಿಬಿಂಬ ನೋಡುವ ರೂಢಿಯನ್ನೂ ಕೈಬಿಡಲೇಬೇಕು. ಸೂರ್ಯ ನೆತ್ತಿಯ ಹತ್ತಿರ ಇದ್ದಾಗಲೂ ನೀರಿನ ಮೇಲ್ಮೈ ನೂರರಲ್ಲಿ ಎರಡು ಭಾಗ ಬೆಳಕನ್ನು ವಾಪಸ್ ಕಳಿಸುತ್ತದೆ, ಅಂದರೆ ಲಕ್ಷಕ್ಕೆ 2000 ಭಾಗ. ಗ್ರಹಣದ ಕನ್ನಡಕ ಬಿಡಬಹುದಾದ್ದು ಲಕ್ಷಕ್ಕೆ ಹೆಚ್ಚೆಂದರೆ 3 ಭಾಗ. ಸೂರ್ಯ ಇಳಿದಷ್ಟೂ ನೀರಿನ ಹೊಳಪು ಏರುತ್ತದೆ. ಎಕ್ಸ್‌ರೇ ಫಿಲ್ಮು, ಮಸಿ ಹಿಡಿಸಿದ ಗಾಜು ಕೂಡ ಬೇಡ, ಕಪ್ಪಗೆ ಕಂಡರೂ ಕಣ್ಣಿಗೆ ಕಾಣದ ಕಿರಣಗಳನ್ನು ಅವು ಎಷ್ಟು ತಡೆಯುತ್ತವೆ ಎಂಬ ಖಾತ್ರಿಯಿಲ್ಲ.

ಯಾರಾದರೂ ಬರಿಗಣ್ಣಲ್ಲಿ ನೋಡಿಬಿಟ್ಟಿದ್ದರೆ ಮಾರನೇ ದಿನ ಬೆಳಿಗ್ಗೆ ಗಣಿತದ ಚೌಕುಳಿ ಪುಸ್ತಕದ ಹಾಳೆಯ ನಡುವೆ ಒಂದು ಚುಕ್ಕೆ ಇಟ್ಟು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಆ ಚುಕ್ಕೆಯನ್ನೇ ನೋಡಲು ಹೇಳಿ. ಆಮೇಲೆ ಇನ್ನೊಂದು ಕಣ್ಣು. ಗೆರೆಗಳು ಡೊಂಕಾದರೆ ಅಥವಾ ನಡುವೆ ಮಾಸಿದ ಕಲೆ ಕಂಡರೆ ಅಂದೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅಕ್ಷಿಪಟದ ಒಸಿಟಿ ಸ್ಕ್ಯಾನಿನಲ್ಲಿ ಹಾನಿ ಎಷ್ಟಾಗಿದೆ ಎಂದು ತಿಳಿಯುತ್ತದೆ. ಇದನ್ನು ಖಚಿತವಾಗಿ ವಾಸಿ ಮಾಡುವ ಔಷಧಿ ಇಲ್ಲ. ಹಲವರಿಗೆ ಕೆಲವು ತಿಂಗಳಲ್ಲಿ ದೃಷ್ಟಿ ಬಹುಪಾಲು ಮರಳುತ್ತದೆ, ಕೆಲವರಿಗೆ ಆ ಕಲೆ ಹಾಗೇ ಉಳಿಯುತ್ತದೆ.

2027ರ ಆಗಸ್ಟ್ 2ರ ಇಳಿಹೊತ್ತಿನಲ್ಲಿ ನಮ್ಮ ಕಡೆ ಪಾರ್ಶ್ವ ಗ್ರಹಣವಿದೆ. ಆಗ ಸೂರ್ಯ ಪಶ್ಚಿಮಕ್ಕೆ ವಾಲಿರುತ್ತಾನೆ, ಡಬ್ಬವನ್ನು ಹೆಗಲ ಮೇಲೆ ಹಿಡಿಯುವುದು ಇನ್ನೂ ಸಲೀಸು.