ಸ್ಕ್ಯಾನಿಂಗ್ ನಾರ್ಮಲ್ ಬಂದರೂ ಎಂಡೊಮೆಟ್ರಿಯೋಸಿಸ್ ಇರಬಹುದು

"ಮಗಳ ಸ್ಕ್ಯಾನಿಂಗ್ ನಾರ್ಮಲ್ ಅಂದ್ರು. ಆದರೂ ಪ್ರತಿ ತಿಂಗಳು ಒದ್ದಾಡ್ತಾಳೆ. ಯಾಕೆ?"

ಮೇಡಂ, ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ಸಾಮಾನ್ಯ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ಚಾಕೊಲೇಟ್ ಸಿಸ್ಟ್, ಅಂದರೆ ಹಳೆಯ ರಕ್ತ ತುಂಬಿದ ಗುಳ್ಳೆ, ಕಾಣಬಹುದು. ಹೊಟ್ಟೆಯ ಒಳಪೊರೆಗೆ ಅಂಟಿಕೊಂಡ ಈ ಅಂಗಾಂಶದ ಸಣ್ಣ ತೆಳು ಕಲೆಗಳು ಹೆಚ್ಚಾಗಿ ಕಾಣುವುದಿಲ್ಲ. ನೋವಿಗೆ ಆ ಸಣ್ಣ ಕಲೆಗಳೇ ಸಾಕು. ಕಲೆ ಎಷ್ಟು ದೊಡ್ಡದು ಅನ್ನುವುದಕ್ಕೂ ನೋವು ಎಷ್ಟು ಅನ್ನುವುದಕ್ಕೂ ತಾಳೆಯಾಗುವುದಿಲ್ಲ.

ಈ ಅಂಗಾಂಶ ಹೊರಗೆ ಬೆಳೆದರೂ ಒಳಪದರದಂತೆಯೇ ಮುಟ್ಟಿನ ಹಾರ್ಮೋನುಗಳಿಗೆ ಸ್ಪಂದಿಸುತ್ತದೆ. ಮುಟ್ಟಿನಲ್ಲಿ ಅದೂ ರಕ್ತ ಸುರಿಸುತ್ತದೆ, ಆದರೆ ಆ ರಕ್ತ ಹೊರಹೋಗಲು ದಾರಿಯಿಲ್ಲ. ಅಲ್ಲೇ ಉರಿಯೂತವಾಗಿ ನರಗಳು ಕೆರಳುತ್ತವೆ. ಕಾಲಕ್ರಮೇಣ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳಲೂಬಹುದು.

ನೋವು ಸ್ರಾವಕ್ಕೆ ಒಂದೆರಡು ದಿನ ಮೊದಲೇ ಶುರುವಾಗುತ್ತದಾ? ಆ ದಿನಗಳಲ್ಲಿ ಮಲ, ಮೂತ್ರ ಮಾಡುವಾಗ ನೋವಾ? ಕಾಲೇಜು ತಪ್ಪುತ್ತಿದೆಯಾ? ಎರಡು ಮೂರು ತಿಂಗಳು ದಿನಾಂಕದ ಜೊತೆ ಬರೆದಿಟ್ಟು ಸ್ತ್ರೀರೋಗ ತಜ್ಞರಿಗೆ ತೋರಿಸಿ. ಹೊಟ್ಟೆಯ ನೋವು ಅಂತ ಗ್ಯಾಸ್ ಮಾತ್ರೆಯಲ್ಲೇ ವರ್ಷಗಳು ಕಳೆಯುತ್ತವೆ. "ಮದುವೆಯಾದರೆ ಸರಿಹೋಗುತ್ತೆ" ಅನ್ನುವವರಂತೂ ಮನೆಮನೆಯಲ್ಲೂ ಇದ್ದಾರೆ, ಅಲ್ವಾ!

ಹಿಂದೆಲ್ಲ ಲ್ಯಾಪರೊಸ್ಕೋಪಿ ಮಾಡಿ, ಅಂದರೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಹಾಕಿ, ನೋಡದೆ ಈ ಕಾಯಿಲೆ ಇದೆ ಎಂದು ಖಚಿತವಾಗಿ ಹೇಳುತ್ತಿರಲಿಲ್ಲ. ಕಾಯಿಲೆ ಪತ್ತೆ ತಡವಾಗಲು ಅದೂ ಕಾರಣ. 2022ರ ಯುರೋಪಿನ ಮಾರ್ಗಸೂಚಿ ಪ್ರಕಾರ, ಲಕ್ಷಣ ನೋಡಿಯೇ ಹಾರ್ಮೋನ್ ಮಾತ್ರೆ ಶುರುಮಾಡಬಹುದು. ಅದರಿಂದ ನೋವು ತಗ್ಗದಿದ್ದರೆ ಲ್ಯಾಪರೊಸ್ಕೋಪಿ ಬಗ್ಗೆ ಕೇಳಿ.